ವೈವಾ: ಕ್ಯೂಬ್ ಹೇಳಿದಷ್ಟೇ ಹೇಳಿ

ಸಿವಿಲ್ ಎಂಜಿನಿಯರಿಂಗ್‌ನ ಕೊನೆಯ ವರ್ಷದ ಒಂದು ತಂಡ ‘ನದಿ ಮರಳಿನ ಬದಲು ಎಂ-ಸ್ಯಾಂಡ್’ ಎಂಬ ಪ್ರಾಜೆಕ್ಟ್ ಮಾಡಿದೆ ಎಂದುಕೊಳ್ಳೋಣ. ವೈವಾದಲ್ಲಿ ಮಾತಿಗೆ ಸಿಗುವುದು ಹತ್ತು ನಿಮಿಷ. ಸಿಮೆಂಟಿನ ಇತಿಹಾಸ ಹೇಳುತ್ತಾ ಕೂತರೆ ಅರ್ಧ ಸಮಯ ಅಲ್ಲೇ ಮುಗಿಯುತ್ತದೆ. ಸಮಸ್ಯೆಗೆ ಎರಡೇ ವಾಕ್ಯ ಸಾಕು: “ನದಿ ಮರಳು ದುಬಾರಿ, ಸಿಗುವುದೂ ಕಷ್ಟ. ಅದರ ಬದಲು ಪೂರ್ತಿ ಎಂ-ಸ್ಯಾಂಡ್ ಹಾಕಿದರೆ ಎಂ-25 ಕಾಂಕ್ರೀಟಿನ ಶಕ್ತಿ ಕುಗ್ಗುತ್ತದೆಯೇ ಎಂದು ನೋಡಿದ್ದೇವೆ.”

ವಿಧಾನ ಹೇಳುವಾಗ ಏನನ್ನು ಬದಲಿಸಿದಿರಿ ಎನ್ನುವುದರಷ್ಟೇ ಏನನ್ನು ಬದಲಿಸಲಿಲ್ಲ ಎನ್ನುವುದೂ ಮುಖ್ಯ. “ಸಿಮೆಂಟ್, ಜಲ್ಲಿ, ನೀರು-ಸಿಮೆಂಟ್ ಅನುಪಾತ ಎರಡರಲ್ಲೂ ಒಂದೇ. ಮರಳು ಮಾತ್ರ ಬೇರೆ. 150 ಮಿ.ಮೀ. ಕ್ಯೂಬ್‌ಗಳನ್ನು ಎರಕ ಹೊಯ್ದು, 28 ದಿನ ನೀರಿನಲ್ಲಿ ಕ್ಯೂರಿಂಗ್ ಮಾಡಿ, ಮಷಿನ್‌ನಲ್ಲಿಟ್ಟು ಒಡೆದೆವು.” ನೀರನ್ನೂ ಹೆಚ್ಚಿಸಿದ್ದರೆ ಶಕ್ತಿ ಕುಗ್ಗಿದ್ದು ಮರಳಿನಿಂದಲೋ ನೀರಿನಿಂದಲೋ ಹೇಳಲಾಗದು. ಎಕ್ಸ್‌ಟರ್ನಲ್ ಮೊದಲು ಕೆದಕುವುದೇ ಅಲ್ಲಿ.

ಫಲಿತಾಂಶದಲ್ಲಿ ಎಡವುವವರೇ ಹೆಚ್ಚು. ಎಂ-ಸ್ಯಾಂಡಿನ ಮೂರು ಕ್ಯೂಬ್‌ಗಳು 700, 720, 740 ಕಿಲೋನ್ಯೂಟನ್ ಭಾರಕ್ಕೆ ಒಡೆದವು ಎನ್ನಿ. ಕ್ಯೂಬಿನ ಮುಖದ ವಿಸ್ತೀರ್ಣ 22,500 ಚದರ ಮಿ.ಮೀ. ಭಾಗಿಸಿದರೆ ಚದರ ಮಿ.ಮೀ.ಗೆ 31.1, 32.0, 32.9 ನ್ಯೂಟನ್, ಸರಾಸರಿ 32. ನದಿ ಮರಳಿನವು 32.0, 33.1, 34.0 ಬಂದವು, ಸರಾಸರಿ 33. “ಶಕ್ತಿ ಶೇ. 3ರಷ್ಟು ಇಳಿಯಿತು” ಎನ್ನುವ ಮಾತು ತಟ್ಟನೆ ಬಾಯಿಗೆ ಬರುತ್ತದೆ. ಆದರೆ ಎಂ-ಸ್ಯಾಂಡಿನ ಗಟ್ಟಿ ಕ್ಯೂಬ್ ನದಿ ಮರಳಿನ ದುರ್ಬಲ ಕ್ಯೂಬನ್ನು ಮೀರಿಸಿದೆ. ಒಂದೇ ಮಿಶ್ರಣದ ಕ್ಯೂಬ್‌ಗಳಲ್ಲೇ ಸುಮಾರು ಎರಡು ನ್ಯೂಟನ್ ಏರಿಳಿತವಿರುವಾಗ, ಸರಾಸರಿಗಳ ನಡುವಿನ ಒಂದು ನ್ಯೂಟನ್ ವ್ಯತ್ಯಾಸವನ್ನು ಮರಳಿನ ತಲೆಗೆ ಕಟ್ಟಲಾಗದು. ಹೇಳಬೇಕಾದ್ದು ಇಷ್ಟು: “ಸರಾಸರಿ ತುಸು ಕಡಿಮೆ ಬಂದಿದೆ, ಮೂರು ಮೂರು ಕ್ಯೂಬ್‌ಗಳಿಂದ ಅದು ನಿಜವಾದ ಇಳಿಕೆ ಎನ್ನಲಾಗದು. ಎಂ-25ಕ್ಕೆ ಮಿಶ್ರಣ ವಿನ್ಯಾಸ ಮಾಡುವಾಗ ಇಟ್ಟುಕೊಂಡ ಗುರಿ 31.6. ಎರಡೂ ಸರಾಸರಿಗಳು ಅದನ್ನು ದಾಟಿವೆ.” ಆ ಗುರಿ ಎಲ್ಲಿಂದ ಬಂತೆಂದು ಕೇಳಿದರೆ, 25 + 1.65 × 4 ಎಂದು ಬೋರ್ಡಿನ ಮೇಲೆ ಬರೆದು ತೋರಿಸಬೇಕು.

ಮಿತಿಗಳನ್ನು ಕೊನೆಯ ಸ್ಲೈಡಿನಲ್ಲಿ ‘ಸಮಯದ ಅಭಾವ’ ಎಂದು ತೇಲಿಸಬಾರದು. ಪ್ರತಿ ಮಿತಿಯಿಂದ ಯಾವ ಮಾತಿಗೆ ಕತ್ತರಿ ಬೀಳುತ್ತದೆ ಎಂದು ಹೇಳಬೇಕು. ಮರಳು ಒಂದೇ ಕ್ರಷರಿನದು. ಬೇರೆ ಕಡೆಯದರಲ್ಲಿ ಪುಡಿ ಹೆಚ್ಚಿರಬಹುದು, ಹಾಗಾಗಿ ಫಲಿತಾಂಶ ಎಲ್ಲ ಎಂ-ಸ್ಯಾಂಡಿಗೂ ಅನ್ವಯಿಸದು. ಇದರ ಕಣಗಳು ಮೊನಚು. ಅಷ್ಟೇ ನೀರಿಗೆ ಮಿಶ್ರಣ ಬಿರುಸಾಗಿ ಸ್ಲಂಪ್ ಇಳಿಯಬಹುದು. ಲ್ಯಾಬ್‌ನಲ್ಲಿ ಚೆನ್ನಾಗಿ ಕುಟ್ಟಿ ತುಂಬಿದ ಕ್ಯೂಬ್ ಗೆದ್ದರೂ, ಸೈಟಿನಲ್ಲಿ ಕಂಬಿಗಳ ಸಂದಿಗೆ ಕಾಂಕ್ರೀಟ್ ಇಳಿಯದೆ ಪೊಳ್ಳು ಉಳಿಯಬಹುದು.

“ಹಾಗಾದರೆ ನಿಮ್ಮ ಮನೆಯ ತಾರಸಿಗೆ ಹಾಕ್ತೀರೇನ್ರೀ?” ಎಂದು ಎಕ್ಸ್‌ಟರ್ನಲ್ ಕೇಳಿಯೇ ಕೇಳುತ್ತಾರೆ. ಉತ್ತರ ಸಿದ್ಧವಿರಲಿ: “28 ದಿನದ ಶಕ್ತಿ ನೋಡಿದರೆ ಅಡ್ಡಿಯಿಲ್ಲ ಸರ್. ನೀರು ಒಸರುವಿಕೆ, ಬಾಳಿಕೆ ನಾವು ಪರೀಕ್ಷಿಸಿಲ್ಲ. ಅದಾಗದೆ ತಾರಸಿಯ ಬಗ್ಗೆ ಹೇಳಲಾರೆವು.”