ನಿಮಗಿದು ಗೊತ್ತೆ? ಚಹಾ ಅಂಗಡಿಯ ಅನಿಲದಲ್ಲಿ ಎಷ್ಟು ಶಕ್ತಿ?
ವಾಣಿಜ್ಯ ಬಳಕೆಯ 19 ಕಿಲೋಗ್ರಾಂ ಅಡುಗೆ ಅನಿಲದ ಸಿಲಿಂಡರು ರಸ್ತೆಬದಿಯ ಚಹಾ ಅಂಗಡಿಯೊಂದರಲ್ಲಿ ಐದು ದಿನ ಬಾಳುತ್ತದೆಂದು ಇಟ್ಟುಕೊಂಡರೆ, ಅಲ್ಲಿ ದಿನಕ್ಕೆ 3.8 ಕಿಲೋಗ್ರಾಂ ಅನಿಲ ಉರಿಯುತ್ತದೆ. ಒಂದು ಕಿಲೋಗ್ರಾಂ ಅನಿಲ ಪೂರ್ಣವಾಗಿ ಉರಿದಾಗ ಹೊರಬರುವ ಶಾಖ, ಅಂದರೆ ಅದರ ಉಷ್ಣಮೌಲ್ಯ, ಸುಮಾರು 46 ಮೆಗಾಜೂಲ್ ಆಗಿರುವುದರಿಂದ ದಿನದ ಬಳಕೆ 175 ಮೆಗಾಜೂಲ್ ಆಗುತ್ತದೆ. ಇದು ಸುಮಾರು 49 ಯೂನಿಟ್ ವಿದ್ಯುತ್ತಿಗೆ ಸಮ. ಅಚ್ಚರಿಯೆಂದರೆ, ಅಲ್ಲಿ ದಿನಕ್ಕೆ 40 ಲೀಟರ್ ಹಾಲು ಮತ್ತು ನೀರು ಕಾಯುತ್ತದೆಂದುಕೊಂಡರೂ, ಅಷ್ಟನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ ಕುದಿಯುವ ಹಂತಕ್ಕೆ ಏರಿಸಲು ಬೇಕಾಗುವುದು ಹೆಚ್ಚುಕಡಿಮೆ 12.6 ಮೆಗಾಜೂಲ್ ಮಾತ್ರ. ಉಳಿದುದರಲ್ಲಿ ಬಹುಪಾಲು ಪಾತ್ರೆಯ ಅಂಚನ್ನು ದಾಟಿ ಗಾಳಿಗೆ ಸೇರಿದರೆ, ದಿನವಿಡೀ ಕುದಿಯುತ್ತಲೇ ಇರುವ ಚಹಾದಿಂದ ಆವಿಯಾಗುವ ಪ್ರತಿ ಲೀಟರ್ ನೀರು ಸುಮಾರು 2.26 ಮೆಗಾಜೂಲ್ ಶಾಖವನ್ನು ಒಯ್ಯುತ್ತದೆ. ನೀಲಿಯ ಬದಲು ಹಳದಿ ಜ್ವಾಲೆ ಕಂಡು ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ, ಬರ್ನರಿಗೆ ಸಾಕಷ್ಟು ಗಾಳಿ ದೊರೆಯದೆ ಅನಿಲ ಅರೆಬರೆಯಾಗಿ ಉರಿಯುತ್ತಿದೆ ಎಂದರ್ಥ.