ಫೋನಿಗೆ ಯಾವ ಸಿನಿಮಾ, ಟಿವಿಗೆ ಯಾವುದು?

ಮನೆಯಲ್ಲಿ 43 ಇಂಚಿನ ಟಿವಿ ಇದ್ದು, ನೀವು ಕೂರುವ ಜಾಗ ಅದರಿಂದ ಎಂಟಡಿ ದೂರದಲ್ಲಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಒಂದು ಕಣ್ಣು ಮುಚ್ಚಿ, ಫೋನನ್ನು ಅಡ್ಡಲಾಗಿ ಹಿಡಿದು ಮುಖದಿಂದ ಒಂದೂಕಾಲು ಅಡಿ ದೂರಕ್ಕೆ ತನ್ನಿ. 6.5 ಇಂಚಿನ ಮಾಮೂಲಿ ಫೋನಾದರೆ ಟಿವಿಯ ಎಡ, ಬಲ ಅಂಚುಗಳೆರಡೂ ಅದರ ಹಿಂದೆ ಮರೆಯಾಗುತ್ತವೆ. ಮೇಲೆ, ಕೆಳಗೆ ಮಾತ್ರ ಒಂದೊಂದು ಪಟ್ಟಿ ಟಿವಿ ಇಣುಕುತ್ತಿರುತ್ತದೆ. ಅಂದರೆ ಕಣ್ಣಿನ ಮಟ್ಟಿಗೆ ಎರಡರ ಅಗಲವೂ ಒಂದೇ. ‘ದೊಡ್ಡ ಸಿನಿಮಾ ಟಿವಿಗೆ, ಚಿಕ್ಕದು ಫೋನಿಗೆ’ ಎಂದು ನಾವು ಸಲೀಸಾಗಿ ಹೇಳಿಬಿಡುವ ಲೆಕ್ಕ ಇಲ್ಲೇ ಸ್ವಲ್ಪ ಅಲುಗಾಡುತ್ತದೆ.

ಆ ಇಣುಕುವ ಪಟ್ಟಿಯಿಂದಲೇ ಶುರುಮಾಡೋಣ. ಟಿವಿ ಪರದೆಯ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ 16:9. ಈಗಿನ ಎಷ್ಟೋ ಫೋನುಗಳದು 20:9, ಅಂದರೆ ಇನ್ನೂ ಉದ್ದ. ಸಿನಿಮಾಸ್ಕೋಪ್ ಚಿತ್ರದ ಅಗಲ ಎತ್ತರದ ಸುಮಾರು 2.39 ಪಟ್ಟು. ಅದು ಟಿವಿಯಲ್ಲಿ ಬಂದಾಗ ಮೇಲೂ ಕೆಳಗೂ ಕಪ್ಪು ಪಟ್ಟಿ ಬಿಟ್ಟು, 53 ಸೆಂಟಿಮೀಟರ್ ಎತ್ತರದ ಪರದೆಯಲ್ಲಿ 40 ಸೆಂಟಿಮೀಟರನ್ನಷ್ಟೇ ಬಳಸುತ್ತದೆ. ಫೋನಿನಲ್ಲಾದರೆ ಹೆಚ್ಚುಕಡಿಮೆ ಇಡೀ ಪರದೆಯನ್ನೇ ತುಂಬುತ್ತದೆ. ಹೀಗಾಗಿ, ಕಾಣುವ ಗಾತ್ರದ ಮಟ್ಟಿಗೆ ಫೋನಿನಲ್ಲಿ ಅತಿ ಕಡಿಮೆ ನಷ್ಟವಾಗುವುದು ನಾವು ‘ದೊಡ್ಡದು’ ಎನ್ನುವ ಸ್ಕೋಪ್ ಚಿತ್ರಕ್ಕೇ.

ಪೆಟ್ಟು ಬೀಳುವುದು ಹಳೆಯ, ಚೌಕಕ್ಕೆ ಹತ್ತಿರದ ಚಿತ್ರಗಳಿಗೆ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955) ಅಂಥದ್ದು. ಅಗಲ ಎತ್ತರದ 1.37 ಪಟ್ಟು ಮಾತ್ರ. 43 ಇಂಚಿನ ಟಿವಿಯಲ್ಲಿ ಅದು 73 ಸೆಂಟಿಮೀಟರ್ ಅಗಲಕ್ಕೆ ಕಾಣುತ್ತದೆ. ಫೋನಿನಲ್ಲಿ ಉಳಿಯುವುದು ಒಂಬತ್ತು ಸೆಂಟಿಮೀಟರ್ ಚಿಲ್ಲರೆ. ಪರದೆಯ ಎರಡೂ ಬದಿ ಖಾಲಿ. ಆ ಖಾಲಿ ಜಾಗ ಕಣ್ಣಿಗೆ ಚುಚ್ಚಿತೆಂದು ಎರಡು ಬೆರಳಲ್ಲಿ ಹಿಗ್ಗಿಸಿದರೆ ಚಿತ್ರದ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ. ನಿಂತವರಿಗೆ ತಲೆ ಇರುವುದಿಲ್ಲ, ಕೂತವರಿಗೆ ನೆಲ ಇರುವುದಿಲ್ಲ. ಹಳೆಯ ಕಪ್ಪು-ಬಿಳುಪು ಚಿತ್ರಗಳನ್ನು ‘ಹೇಗೂ ಹಳೇದು, ಫೋನಲ್ಲೇ ನೋಡಿದರಾಯಿತು’ ಎಂದು ತಳ್ಳಿಬಿಡುವವರು ಇದನ್ನೊಮ್ಮೆ ಯೋಚಿಸಬೇಕು. ಅವುಗಳಿಗೆ ಟಿವಿಯೇ ಸರಿ.

ಹಾಗಾದರೆ ಡೇವಿಡ್ ಲೀನ್ ಅವರ ‘ಲಾರೆನ್ಸ್ ಆಫ್ ಅರೇಬಿಯಾ’ವನ್ನು (1962) ಫೋನಿನಲ್ಲಿ ನೋಡಬಹುದೇ? 70 ಎಂಎಂನಲ್ಲಿ ತೋರಿಸಲೆಂದೇ ತೆಗೆದ ಚಿತ್ರ ಅದು. ಓಮರ್ ಶರೀಫ್ ಮೊದಲ ಬಾರಿ ಕಾಣಿಸಿಕೊಳ್ಳುವುದು ಮರುಭೂಮಿಯ ಬಿಸಿಲ್ಗುದುರೆಯ ನಡುವೆ ನಡುಗುವ ಒಂದು ಕಪ್ಪು ಚುಕ್ಕಿಯಾಗಿ. ಆ ಚುಕ್ಕಿ ನಿಧಾನಕ್ಕೆ ಒಂಟೆಯಾಗಿ, ಸವಾರನಾಗಿ ಬೆಳೆಯುತ್ತದೆ. ದೃಶ್ಯದ ಆತಂಕವೆಲ್ಲ ಚುಕ್ಕಿ ಕಾಣುವುದರ ಮೇಲೇ ನಿಂತಿದೆ. ಇಲ್ಲಿ ಪರದೆಯ ಗಾತ್ರಕ್ಕಿಂತ ಕೈ ಕೊಡುವುದು ಚಿತ್ರದ ಸ್ಪಷ್ಟತೆ. ಒಂದೂಕಾಲು ಅಡಿ ದೂರದ ಫೋನಿಗೆ 720p ಇದ್ದರೆ ಆರೋಗ್ಯವಂತ ಕಣ್ಣಿಗೆ ಸಾಕು. ಅದಕ್ಕಿಂತ ಹೆಚ್ಚಿನದು ಹೆಚ್ಚೂಕಡಿಮೆ ವ್ಯರ್ಥ. ಆದರೆ ಡೇಟಾ ಉಳಿಸುವ ಸೆಟ್ಟಿಂಗ್‌ನಲ್ಲೋ, ಮೊಬೈಲಿಗಷ್ಟೇ ಸೀಮಿತವಾದ ಅಗ್ಗದ ಪ್ಲಾನಿನಲ್ಲೋ ನಮಗೆ ಸಿಗುವುದು ಹಲವು ಸಲ 480p. ಅದರಲ್ಲಿ ಚುಕ್ಕಿ ಮರಳಿನ ಜೊತೆ ಕಲಸಿಹೋಗುತ್ತದೆ. ನಿಮ್ಮ ಫೋನಿನಲ್ಲಿ ಹೀಗಾಗುತ್ತಿದೆಯೇ ಎಂದು ತಿಳಿಯಲು ದೂರದ ಗುಂಪಿನ ದೃಶ್ಯವೊಂದನ್ನು ನಿಲ್ಲಿಸಿ ನೋಡಿ: ಮುಖಗಳಲ್ಲಿ ಕಣ್ಣು, ಮೂಗು ಬೇರೆಬೇರೆಯಾಗಿ ಕಾಣದೆ ಮೇಣ ಮೆತ್ತಿದಂತಿದ್ದರೆ ಬರುತ್ತಿರುವುದು ಕಡಿಮೆ ಗುಣಮಟ್ಟದ ಚಿತ್ರ. ಇನ್ನು, ಓಡುವ ಬಸ್ಸಿನಲ್ಲಿ ಕೈಯೇ ನಡುಗುತ್ತಿರುವಾಗ ಚುಕ್ಕಿಯ ಮಾತೇ ಬೇಡ.

ಕತ್ತಲೆ ತುಂಬಿದ ಸಿನಿಮಾಗಳ ವಿಷಯದಲ್ಲೂ ಇಂಥದೇ ಒಂದು ತಿರುವು ಇದೆ. ‘ತುಂಬಾಡ್’ನಂಥ (2018) ಮಳೆ-ಕತ್ತಲಿನ ಚಿತ್ರವನ್ನು ಹಗಲು ಹೊತ್ತಿನಲ್ಲಿ, ಕಿಟಕಿಯ ಬೆಳಕು ಬೀಳುವ ಟಿವಿಯಲ್ಲಿ ಹಾಕಿದರೆ ನಿಮಗೆ ಕಾಣುವುದು ನಿಮ್ಮದೇ ಕಿಟಕಿ. ಅಗ್ಗದ ಎಲ್‌ಇಡಿ ಟಿವಿಗಳಲ್ಲಿ ಪರದೆಯ ಹಿಂದೆ ಸದಾ ಬೆಳಕು ಉರಿಯುವುದರಿಂದ ಕಪ್ಪು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಅಮೋಲೆಡ್ ಪರದೆಯ ಫೋನಿನಲ್ಲಿ ಕಪ್ಪು ಇರುವ ಕಡೆ ಬೆಳಕೇ ಹೊತ್ತುವುದಿಲ್ಲ. ರಾತ್ರಿ ಕೋಣೆಯ ದೀಪ ಆರಿಸಿ ಒಬ್ಬರೇ ನೋಡುವುದಾದರೆ ಅಂಥ ಫೋನೇ ವಾಸಿ ಎನ್ನುವುದು ನನ್ನ ಅಭಿಪ್ರಾಯ.

ದನಿಗೆ ಬಂದರೆ ಮಾತ್ರ ಫೋನಿನ ಸ್ಪೀಕರ್ ಪರವಾಗಿ ಹೇಳಲು ಏನೂ ಇಲ್ಲ. ಹೆಬ್ಬೆರಳಗಲದ ಸ್ಪೀಕರಿಗೆ ಗಾಳಿಯನ್ನು ನೂಕುವ ಶಕ್ತಿ ಕಡಿಮೆ, ಹಾಗಾಗಿ ತಗ್ಗಿನ ಸ್ವರಗಳು ಹುಟ್ಟುವುದೇ ಇಲ್ಲ. ‘ಕಾಂತಾರ’ದ (2022) ಕೊನೆಯ ಭಾಗದಲ್ಲಿ ವಾದ್ಯದ ಗುಡುಗು ಮಾಯವಾಗಿ ದೈವದ ಕೂಗು ಬರೀ ಕೀರಲಾಗಿ ಉಳಿಯುತ್ತದೆ; ಸಾಲದ್ದಕ್ಕೆ ಅಡ್ಡ ಹಿಡಿದ ಅಂಗೈ ಸ್ಪೀಕರಿನ ರಂಧ್ರವನ್ನೇ ಮುಚ್ಚಿರುತ್ತದೆ. ಇಯರ್‌ಫೋನ್ ಹಾಕಿದರೆ ಕಥೆ ಬೇರೆ. ‘12 ಆಂಗ್ರಿ ಮೆನ್’ (1957) ಥರದ, ಹೆಚ್ಚುಕಡಿಮೆ ಒಂದೇ ಕೋಣೆಯಲ್ಲಿ ಮುಖ ಮತ್ತು ಮಾತಿನ ಮೇಲೆ ನಡೆಯುವ ಚಿತ್ರ ಆಗ ಫೋನಿನಲ್ಲಿ ಚೆನ್ನಾಗಿಯೇ ದಕ್ಕುತ್ತದೆ.

ಟಿವಿಯ ತೊಂದರೆ ಇನ್ನೊಂದು ಬಗೆಯದು. ತೆಳುವಾದ ಟಿವಿಗಳ ಸ್ಪೀಕರ್ ಸಾಮಾನ್ಯವಾಗಿ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತದೆ. ಚಿತ್ರಮಂದಿರಕ್ಕಾಗಿ ಮಾಡಿದ 5.1 ಧ್ವನಿಯಲ್ಲಿ ಮಾತು ಬಹುಪಾಲು ನಡುವಿನ ಸ್ಪೀಕರಿನದು. ನಮ್ಮ ಟಿವಿಯಲ್ಲಿ ಆ ನಡುವಿನದು ಇಲ್ಲ. ಎಲ್ಲವನ್ನೂ ಎರಡು ಸ್ಪೀಕರಿಗೆ ಇಳಿಸುವಾಗ ಹಿನ್ನೆಲೆ ಸಂಗೀತ ಮಾತನ್ನು ನುಂಗುತ್ತದೆ. ಪಿಸುಮಾತಿಗೆ ವಾಲ್ಯೂಮ್ ಏರಿಸಿ, ಹೊಡೆದಾಟಕ್ಕೆ ಇಳಿಸಿ, ರಿಮೋಟ್ ಕೈಯಿಂದ ಕೆಳಗಿಡಲಾಗದಿದ್ದರೆ ಕಾರಣ ಇದೇ ಇರಬಹುದು. ಆಡಿಯೊ ಪಟ್ಟಿಯಲ್ಲಿ ಭಾಷೆಯ ಮುಂದೆ 5.1 ಎಂದು ಬರೆದದ್ದನ್ನು ಬಿಟ್ಟು, ಸ್ಟೀರಿಯೊ ಇದ್ದರೆ ಅದನ್ನು ಆರಿಸಿ ನೋಡಿ.

ಕೊನೆಯದು ಸಬ್‌ಟೈಟಲ್. ಕೋನದ ಲೆಕ್ಕದಲ್ಲಿ ಟಿವಿಯ ಮೂರು ಸೆಂಟಿಮೀಟರ್ ಸಾಲೂ ಫೋನಿನ ನಾಲ್ಕು ಮಿಲಿಮೀಟರ್ ಸಾಲೂ ಬಹುತೇಕ ಸಮ. ಆದರೂ ನಲವತ್ತೈದು ದಾಟಿದವರು ಟಿವಿಯಲ್ಲಿ ಸರಾಗವಾಗಿ ಓದಿ ಫೋನಿನಲ್ಲಿ ತಡವರಿಸುತ್ತಾರೆ. ವಯಸ್ಸಾದಂತೆ ಕಣ್ಣಿನ ಮಸೂರಕ್ಕೆ ಹತ್ತಿರದ್ದನ್ನು ಹಿಡಿಯುವ ಶಕ್ತಿ ಕುಗ್ಗುತ್ತದೆ. ಎಂಟಡಿ ದೂರಕ್ಕೆ ಆ ಶ್ರಮವೇ ಬೇಕಿಲ್ಲ. ಚಾಳೀಸು ಇಲ್ಲದೆ ಫೋನನ್ನು ಎರಡಡಿ ದೂರಕ್ಕೆ ಹಿಡಿದರೆ ಅಕ್ಷರ ಸ್ಪಷ್ಟವಾಗಬಹುದು, ಆದರೆ ಕಾಣುವ ಗಾತ್ರ ಮೂರರಲ್ಲಿ ಎರಡು ಪಾಲಿಗೂ ಕಡಿಮೆಯಾಗುತ್ತದೆ. ಕನ್ನಡ ಸಬ್‌ಟೈಟಲ್ ಆದರೆ ಇನ್ನೂ ಕಷ್ಟ. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ಎಲ್ಲವೂ ಅಷ್ಟೇ ಎತ್ತರದಲ್ಲಿ ಹಿಡಿಸಬೇಕಾದ್ದರಿಂದ ‘ಸ್ತ್ರೀ’, ‘ರಾಷ್ಟ್ರ’ದಂಥವು ಚುಕ್ಕೆಗಳ ಮುದ್ದೆಯಾಗುತ್ತವೆ.

ಕೊರಿಯಾದ ‘ಪ್ಯಾರಸೈಟ್’ (2019) ನೋಡುವುದಾದರೆ ಇದು ಇನ್ನೂ ಎದ್ದು ಕಾಣುತ್ತದೆ. ಅದು ಸ್ಕೋಪ್ ಚಿತ್ರ. ಟಿವಿಯಲ್ಲಿ ಕೆಳಗಿನ ಕಪ್ಪು ಪಟ್ಟಿ ಆರೇಳು ಸೆಂಟಿಮೀಟರ್ ಇರುತ್ತದೆ, ಕೆಲವು ಆ್ಯಪ್‌ಗಳು ಸಾಲನ್ನು ಅಲ್ಲೇ ಕೂರಿಸುತ್ತವೆ. ಫೋನಿನಲ್ಲಿ ಪಟ್ಟಿ ಎರಡು ಮಿಲಿಮೀಟರ್ ಚಿಲ್ಲರೆ, ಹಾಗಾಗಿ ಅಕ್ಷರ ಚಿತ್ರದ ಮೇಲೆಯೇ ಬರುತ್ತದೆ. ಅಕ್ಷರ ಚಿಕ್ಕದಾಯಿತೆಂದು ಸೆಟ್ಟಿಂಗ್‌ನಲ್ಲಿ ದೊಡ್ಡದು ಮಾಡಿದರೆ ಎರಡು ಸಾಲು ಮೂರಾಗಿ, ಊಟದ ಮೇಜಿನ ಮುಂದೆ ಕೂತವರ ಕೈ, ತಟ್ಟೆ ಮುಚ್ಚಿಹೋಗುತ್ತವೆ. ಫೋನೇ ಗತಿಯಾದರೆ ಗಾತ್ರವನ್ನು ಒಂದೇ ಹಂತ ಏರಿಸಿ, ಅಕ್ಷರದ ಹಿಂದೆ ಪೂರ್ತಿ ಕಪ್ಪು ಚೌಕ ಹಾಕುವ ಬದಲು ಅಂಚಿಗೆ ಕಪ್ಪು ಗೆರೆ ಬರುವ ಶೈಲಿ ಇದ್ದರೆ ಅದನ್ನು ಆರಿಸಿಕೊಳ್ಳಿ. ಚಿತ್ರ ಉಳಿಯುತ್ತದೆ, ಬಿಳಿ ಗೋಡೆಯ ಮೇಲೂ ಅಕ್ಷರ ಕಾಣುತ್ತದೆ.