ಡಿಶ್ಶಿನ ಬಿಲ್ಲಿಗೆ ಕತ್ತರಿ ಎಲ್ಲಿ ಹಾಕಬೇಕು?

ತಿಂಗಳ ಸಾಮಾನಿನ ಚೀಟಿ ಬರೆಯುವಾಗ ಕಾಲು ಕಿಲೋ ಜೀರಿಗೆಗೂ ಎರಡು ಸಲ ಯೋಚಿಸುವವರು ನಾವು. ಆದರೆ ಡಿಶ್ಶಿನ ರೀಚಾರ್ಜಿಗೆ ಮಾತ್ರ ಅಂಗಡಿಯವನು ಹೇಳಿದಷ್ಟು ಕೊಟ್ಟು ಬರುತ್ತೇವೆ, ಅಲ್ಲವೇ?

ಸಿರುಗುಪ್ಪದಲ್ಲಿರುವ ನನ್ನ ಚಿಕ್ಕಮ್ಮನ ಮನೆಯ ಕಥೆಯೂ ಇದೇ. ಗಡಿ ಊರು ನೋಡಿ, ಮನೆಯಲ್ಲಿ ಎರಡೂ ಭಾಷೆ. ಚಿಕ್ಕಮ್ಮನಿಗೆ ಕನ್ನಡ ಧಾರಾವಾಹಿ ಬೇಕು, ಅವರ ಅತ್ತೆಗೆ ತೆಲುಗಿನದು. ಖರ್ಚು ಇಳಿಸೋಣವೆಂದು ಮಗಳು ಯಾರೂ ನೋಡದ ಇಪ್ಪತ್ತು ಚಾನೆಲ್ ತೆಗೆದುಹಾಕಿದಳು. ಬಿಲ್ಲು ಒಂದು ರೂಪಾಯಿಯೂ ಇಳಿಯಲಿಲ್ಲ! "ಏನವ್ವಾ ಇದು, ತೆಗೆದರೂ ಅಷ್ಟೇ, ಬಿಟ್ಟರೂ ಅಷ್ಟೇ" ಅಂತ ಚಿಕ್ಕಮ್ಮ ನನಗೆ ಫೋನ್ ಮಾಡಿದರು.

ಅವಳು ತೆಗೆದದ್ದೆಲ್ಲ ಬಿಟ್ಟಿ ಚಾನೆಲ್ಲುಗಳು. 2019ರಲ್ಲಿ ಟ್ರಾಯ್ ನಿಯಮ ಬಂದ ಮೇಲೆ ನಮ್ಮ ಬಿಲ್ಲಿನಲ್ಲಿ ಮೂರು ಭಾಗಗಳಿವೆ. ಮೊದಲನೆಯದು ನೆಟ್‌ವರ್ಕ್ ಶುಲ್ಕ, ಅಂದರೆ ಬಾಡಿಗೆ ಇದ್ದ ಹಾಗೆ. ಬಿಟ್ಟಿ ಚಾನೆಲ್ಲುಗಳು ಈ ಬಾಡಿಗೆಯಲ್ಲೇ ಬರುತ್ತವೆ, ಆದ್ದರಿಂದ ತೆಗೆದರೆ ಉಳಿತಾಯವಿಲ್ಲ. ಮೊದಲು ಈ ಶುಲ್ಕಕ್ಕೆ 130 ರೂಪಾಯಿಯ ಮಿತಿಯಿತ್ತು. 2024ರಲ್ಲಿ ಆ ಮಿತಿ ಹೋಯಿತು, ಈಗ ಕಂಪನಿಯೇ ನಿಗದಿ ಮಾಡುತ್ತದೆ. ಎರಡನೆಯದು ಹಣ ಕೊಟ್ಟು ನೋಡುವ ಚಾನೆಲ್ಲುಗಳ ಬೆಲೆ. ಮೂರನೆಯದು ಇವೆರಡರ ಮೇಲೆ ಶೇಕಡಾ 18 ಜಿಎಸ್‌ಟಿ. ನಮ್ಮ ಕತ್ತರಿ ಆಡುವುದು ಎರಡನೆಯದರ ಮೇಲೆ ಮಾತ್ರ.

ಅಲ್ಲಿಯೂ ಒಂದು ತೊಡಕಿದೆ. ಹಣದ ಚಾನೆಲ್ಲುಗಳು ಹೆಚ್ಚಾಗಿ ಪ್ಯಾಕಿನಲ್ಲಿ ಕಟ್ಟಿ ಬರುತ್ತವೆ. ಪ್ಯಾಕಿನಿಂದ ಒಂದನ್ನು ಮಾತ್ರ ಕಿತ್ತು ತೆಗೆಯಲು ಬರುವುದಿಲ್ಲ. ಇಡೀ ಪ್ಯಾಕ್ ತೆಗೆಸಿ, ಬೇಕಾದ ಚಾನೆಲ್ಲನ್ನು ಬಿಡಿಯಾಗಿ ಹಾಕಿಸಬೇಕು. ಆದರೆ ಪ್ಯಾಕಿಗೆ ರಿಯಾಯಿತಿ ಇರುವುದರಿಂದ ಬಿಡಿ ಕೊಂಡರೆ ಕೆಲವು ಸಲ ದುಬಾರಿಯೇ ಆದೀತು.

ಹಾಗಾಗಿ ಲೆಕ್ಕ ಹಾಕದೆ ಕೈ ಹಾಕಬೇಡಿ. ಚಿಕ್ಕಮ್ಮನ ಲೆಕ್ಕವನ್ನೇ ನೋಡಿ. (ನಿಮ್ಮ ಕಂಪನಿಯ ದರ ಬೇರೆ ಇದ್ದೀತು, ವಿಧಾನ ಇದೇ.) ನೆಟ್‌ವರ್ಕ್ ಶುಲ್ಕ 130, ಕನ್ನಡದ ಎರಡು ಪ್ಯಾಕು 35 ಮತ್ತು 30, ತೆಲುಗು ಪ್ಯಾಕು 45, ಮಕ್ಕಳ ಕಾರ್ಟೂನು 20. ಒಟ್ಟು 260, ಜಿಎಸ್‌ಟಿ ಸೇರಿ 306 ರೂಪಾಯಿ 80 ಪೈಸೆ.

ಒಂದು ವಾರ ಟಿವಿ ಪಕ್ಕದಲ್ಲಿ ಚೀಟಿ ಇಟ್ಟು, ನಿಜವಾಗಿ ನೋಡಿದ್ದನ್ನಷ್ಟೇ ಗುರುತು ಹಾಕಲು ಹೇಳಿದೆ. ಮೊದಲ ಕನ್ನಡ ಪ್ಯಾಕಿನಲ್ಲಿ ಮೂರು ಚಾನೆಲ್ ನೋಡುತ್ತಿದ್ದರು. ಅವುಗಳ ಬಿಡಿ ಬೆಲೆ 19, 12, 10, ಕೂಡಿದರೆ 41. ಪ್ಯಾಕೇ 35 ಇರುವಾಗ ಅದನ್ನು ಮುಟ್ಟಬಾರದು. ಎರಡನೆಯ ಪ್ಯಾಕಿನಲ್ಲಿ ನೋಡುತ್ತಿದ್ದುದು ಒಂದೇ, ಬಿಡಿ ಬೆಲೆ 19. ತೆಲುಗಿನಲ್ಲೂ ಅತ್ತೆಯವರಿಗೆ ಬೇಕಾದದ್ದು 19 ರೂಪಾಯಿಯ ಒಂದೇ ಚಾನೆಲ್ಲು. ಈ ಎರಡು ಪ್ಯಾಕು ತೆಗೆಸಿ ಬಿಡಿಯಾಗಿ ಹಾಕಿಸಿದೆವು. ಕಾರ್ಟೂನು ನೋಡುವ ಹುಡುಗ ಬಳ್ಳಾರಿಯ ಹಾಸ್ಟೆಲ್ಲಿನಲ್ಲಿದ್ದಾನೆ, ಅದನ್ನು ಪೂರ್ತಿ ತೆಗೆಸಿದೆವು. ಈಗ 203, ಜಿಎಸ್‌ಟಿ ಸೇರಿ 239 ರೂಪಾಯಿ 54 ಪೈಸೆ. ತಿಂಗಳಿಗೆ 67 ರೂಪಾಯಿ ಉಳಿತು, ವರ್ಷಕ್ಕೆ ಎಂಟುನೂರರ ಮೇಲೆ.

ಬಿಡಿ ಬೆಲೆ ಎಲ್ಲಿ ಸಿಗುತ್ತದೆ ಅಂತೀರಾ? ರಿಮೋಟಿನ ಗೈಡ್ ಬಟನ್ ಒತ್ತಿದರೆ ಚಾನೆಲ್ಲಿನ ಹೆಸರಿನ ಜೊತೆ ಬೆಲೆ ಕಾಣಬೇಕು. ಕಂಪನಿಯ ಆಪಿನಲ್ಲೂ ಇರುತ್ತದೆ. ಹಾಗೇ ಒಂದೇ ಚಾನೆಲ್ಲು ಎಚ್‌ಡಿಯಲ್ಲೂ ಸಾದಾ ರೂಪದಲ್ಲೂ ಎರಡು ಸಲ ಬರುತ್ತಿದೆಯೇ ನೋಡಿಕೊಳ್ಳಿ. ಎರಡಕ್ಕೂ ಬೆಲೆ ಬೀಳುತ್ತದೆ.

ಬಳ್ಳಾರಿ ಕಡೆ ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ ಕನ್ನಡ–ತೆಲುಗು ದೊಡ್ಡ ಪ್ಯಾಕಿನ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಅಂಥದ್ದರಲ್ಲಿ ನೆಟ್‌ವರ್ಕ್ ಶುಲ್ಕಕ್ಕೂ ರಿಯಾಯಿತಿ ಕೊಟ್ಟಿರಬಹುದು. ಒಡೆದು ಬಿಡಿ ಮಾಡಿದರೆ ಆ ರಿಯಾಯಿತಿ ತಪ್ಪಿಹೋದೀತು. ಒಪ್ಪಿಗೆ ಕೊಡುವ ಮುಂಚೆ "ಜಿಎಸ್‌ಟಿ ಎಲ್ಲಾ ಸೇರಿ ತಿಂಗಳಿಗೆ ಎಷ್ಟಾಗುತ್ತದೆ?" ಎಂದು ಕೇಳಿ, ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಕ್ರಿಕೆಟ್ ಬಂದಾಗ ಮನೆಯ ಗಂಡಸರ ಗಲಾಟೆ ಇದ್ದದ್ದೇ. ಆಗ ಕ್ರೀಡಾ ಚಾನೆಲ್ಲನ್ನು ಬಿಡಿಯಾಗಿ ಹಾಕಿಸಿ, ಪಂದ್ಯಾವಳಿ ಮುಗಿದ ಮೇಲೆ ನೆನಪಿಟ್ಟು ತೆಗೆಸಿ. ಮರೆತರೆ ಅದು ಪ್ರತಿ ತಿಂಗಳೂ ಹಣ ತಿನ್ನುತ್ತಾ ಕೂತಿರುತ್ತದೆ.

ಇನ್ನೊಂದು ಮಾತು. ಕುರುಗೋಡಿನ ನನ್ನ ಗೆಳತಿ ಎಲ್ಲ ಲೆಕ್ಕ ಮುಗಿಸಿ ಕೂತರೂ ಬದಲಾವಣೆ ಮಾಡಲಾಗಲಿಲ್ಲ. ಸಂಪರ್ಕ ಪಡೆದಾಗ ಕೊಟ್ಟಿದ್ದು ಯಜಮಾನರ ಹಳೇ ಮೊಬೈಲ್ ನಂಬರು, ಓಟಿಪಿ ಅದಕ್ಕೇ ಹೋಗುತ್ತಿತ್ತು. ಆ ಸಿಮ್ಮು ಈಗ ಇಲ್ಲ. ಮೊದಲು ಗ್ರಾಹಕ ಸೇವೆಗೆ ಫೋನ್ ಮಾಡಿ ನಂಬರು ಬದಲಿಸಿಕೊಂಡಳು. ನೀವೂ ಫೋನ್ ಮಾಡುವ ಮುಂಚೆ ಗ್ರಾಹಕ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಳ್ಳಿ. ಚಾನೆಲ್ ಬದಲಿಸುವಾಗ ಬಾಕ್ಸು ಆನ್ ಇರಬೇಕು. ಹೊಸದಾಗಿ ಹಾಕಿಸಿದ ಚಾನೆಲ್ಲು ಸ್ವಲ್ಪ ಹೊತ್ತಾದರೂ ಬರದಿದ್ದರೆ ಗಾಬರಿ ಬೇಡ, "ರಿಫ್ರೆಶ್ ಕಳಿಸಿ" ಅಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ.